ಬ್ಯಾಟರಿಗೆ ನೀರು ಹಾಕುವ ಒಂದು ಪ್ಯಾರಾ: ಮೂರು ರೀತಿ ಬರೆದು ನೋಡಿದೆ

ಇನ್ವರ್ಟರ್ ಬ್ಯಾಟರಿಯ ಕೈಪಿಡಿಯಲ್ಲಿ ಮನೆಯವರು ಓದಲೇಬೇಕಾದ ಪ್ಯಾರಾ ಅಂದರೆ ನೀರು ತುಂಬಿಸುವುದರದ್ದು. ಉಳಿದದ್ದನ್ನು ಮೆಕ್ಯಾನಿಕ್ ನೋಡಿಕೊಳ್ಳುತ್ತಾರೆ, ಇದೊಂದನ್ನು ಮನೆಯಲ್ಲೇ ಮಾಡಬೇಕು. ಕೈಪಿಡಿಗಳನ್ನು ಕನ್ನಡದಲ್ಲಿ ಸರಳ ಮಾಡಿಕೊಡುವುದು ನನ್ನ ಕೆಲಸ. ಈ ಸಲ ನನ್ನ ಕೈಗೆ ಬಂದ ಪ್ಯಾರಾ ಹೀಗಿತ್ತು:

> ಎಲೆಕ್ಟ್ರೊಲೈಟ್ ಮಟ್ಟವು ಕನಿಷ್ಠ ಸೂಚಕಕ್ಕಿಂತ ಕೆಳಗಿಳಿದಲ್ಲಿ ಡಿಮಿನರಲೈಸ್ಡ್ ನೀರಿನಿಂದ ಟಾಪ್ ಅಪ್ ಮಾಡತಕ್ಕದ್ದು. ಲೆಡ್-ಆಂಟಿಮನಿ ಗ್ರಿಡ್ ಇರುವುದರಿಂದ ಚಾರ್ಜಿಂಗ್ ವೇಳೆ ಗ್ಯಾಸಿಂಗ್ ಉಂಟಾಗಿ ದ್ರಾವಣದ ಪ್ರಮಾಣ ಇಳಿಯುವುದು ಸಹಜ. ಪ್ಲೇಟುಗಳು ತೆರೆದುಕೊಂಡಿರದ ಹೊರತು ಪೂರ್ಣ ಚಾರ್ಜ್ ನಂತರವೇ ಟಾಪ್ ಅಪ್ ಮಾಡುವುದು. ಆಸಿಡ್ ಮಟ್ಟವು ಗರಿಷ್ಠ ಸೂಚಕವನ್ನು ಮೀರಬಾರದು. ಪೂರ್ಣ ಚಾರ್ಜ್ ಸ್ಥಿತಿಯಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಪೆಸಿಫಿಕ್ ಗ್ರಾವಿಟಿ 1.240 ಇರತಕ್ಕದ್ದು.

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಮೊದಲ ಸಲ ಬ್ಯಾಟರಿ ಮುಚ್ಚಳ ತೆಗೆಯುವವರಿಗೆ ಇದು ದಾರಿ ತೋರಿಸುವುದಿಲ್ಲ. ಹಾಗಾಗಿ ಇದನ್ನೇ ಮೂರು ರೀತಿ ಬರೆದೆ. ಪಕ್ಕದ ಮನೆಯವರಿಗೆ, ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ, ಒಬ್ಬ ಹಳೇ ಮೆಕ್ಯಾನಿಕ್‌ಗೆ ಕೊಟ್ಟು ಓದಿಸಿದೆ. "ಅರ್ಥ ಆಯ್ತಾ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅಂತಾರೆ. "ಏನು ಹಾಕ್ತೀರಿ, ಯಾವಾಗ ಹಾಕ್ತೀರಿ, ಎಲ್ಲೀವರೆಗೆ ಹಾಕ್ತೀರಿ? ಬ್ಯಾಟರಿ ಮೇಲೆ ಬೆರಳಿಟ್ಟು ತೋರಿಸಿ" ಎಂದೆ.

ಮೊದಲನೆಯ ರೀತಿ: ಪ್ಯಾರಾ ಹಾಗೇ ಇಟ್ಟು, ಕಷ್ಟದ ಪದಗಳ ಅರ್ಥವನ್ನು ಪುಸ್ತಕದ ಕೊನೆಗೆ ಹಾಕುವುದು. ಬರೆಯುವವರಿಗೆ ಇದೇ ಸುಲಭ, ಮೂಲವನ್ನು ಮುಟ್ಟುವ ಹಾಗೇ ಇಲ್ಲ. ಮೆಕ್ಯಾನಿಕ್‌ಗೆ ಇದು ಚೆನ್ನಾಗಿ ಹೊಂದಿತು. ಅವರಿಗೆ ಗೊತ್ತಿಲ್ಲದ್ದು ಒಂದೋ ಎರಡೋ ಪದ, ಅದನ್ನಷ್ಟೇ ಹಿಂದೆ ತಿರುಗಿಸಿ ನೋಡಿದರು. ಹೊಸಬರು ಮಾತ್ರ ಕೊನೆಯ ಪುಟಕ್ಕೆ ಹೋಗಲೇ ಇಲ್ಲ. ಗೊತ್ತಿಲ್ಲದ ಪದವನ್ನು ಹಾರಿಸಿ, ಗೊತ್ತಿರುವ ಪದ ಹಿಡಿದು ಮುಂದೆ ಹೋದರು. ಆ ಪ್ಯಾರಾದಲ್ಲಿ ಅವರಿಗೆ ಗೊತ್ತಿರುವ ಪದ ಯಾವುದು? ಆಸಿಡ್. "ಆಸಿಡ್ ಮಟ್ಟ ಇಳಿದಿದೆ, ಆಸಿಡ್ ತಂದು ಹಾಕಬೇಕು" ಎಂದು ಪಕ್ಕದ ಮನೆಯವರು ಹೇಳಿದಾಗ ನನಗೆ ನಿಜಕ್ಕೂ ಭಯವಾಯಿತು. ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಹೊರಗೆ ಹೋಗುತ್ತದೆ, ಆಸಿಡ್ ಒಳಗೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಆಸಿಡ್ ಸುರಿದರೆ ದ್ರವ ತೀಕ್ಷ್ಣವಾಗಿ, ಅದರಲ್ಲಿ ಮುಳುಗಿರುವ ಸೀಸದ ಪ್ಲೇಟುಗಳು ಬೇಗ ಹಾಳಾಗುತ್ತವೆ. ಸುರಿಯುವವರ ಕೈಗೂ ಕಣ್ಣಿಗೂ ಅಪಾಯ.

ತಪ್ಪು ಓದಿದವರದ್ದಲ್ಲ. ಮೂಲದಲ್ಲಿ ಒಂದೇ ವಸ್ತುವಿಗೆ ಮೂರು ಹೆಸರಿವೆ: ಎಲೆಕ್ಟ್ರೊಲೈಟ್, ದ್ರಾವಣ, ಆಸಿಡ್. ಬರೆದವರಿಗೆ ಮೂರೂ ಒಂದೇ ಎಂದು ಗೊತ್ತು. ಓದುವವರಿಗೆ ಮೂರು ಬೇರೆ ಬೇರೆ ವಸ್ತು ಕಾಣುತ್ತದೆ.

ಎರಡನೆಯ ರೀತಿ: ಪದ ಬಂದಲ್ಲೆಲ್ಲ ಆವರಣದಲ್ಲಿ ಅರ್ಥ. "ಎಲೆಕ್ಟ್ರೊಲೈಟ್ (ಬ್ಯಾಟರಿಯೊಳಗಿನ ದ್ರವ) ಮಟ್ಟವು ಕನಿಷ್ಠ ಸೂಚಕಕ್ಕಿಂತ (ಫ್ಲೋಟ್ ಮೇಲಿನ ಕೆಳಗಿನ ಗುರುತು) ಕೆಳಗಿಳಿದಲ್ಲಿ" ಎನ್ನುವ ಹಾಗೆ. ಪ್ಯಾರಾ ದುಪ್ಪಟ್ಟಾಯಿತು. ಆಸಿಡ್ ಗೊಂದಲ ಹೋಯಿತು, ಅದು ದೊಡ್ಡ ಲಾಭ. ಆದರೆ ಬೇರೆ ತೊಂದರೆ ಬಂತು. ಆಂಟಿಮನಿಗೂ ಅರ್ಥ, ಸ್ಪೆಸಿಫಿಕ್ ಗ್ರಾವಿಟಿಗೂ ಅರ್ಥ ಕೊಟ್ಟಿದ್ದರಿಂದ ಎಲ್ಲವೂ ಒಂದೇ ತೂಕದ್ದಾಗಿ ಕಂಡವು. ಅಂಗಡಿಯ ಹುಡುಗ ಗ್ರಾವಿಟಿ ಅಳೆಯುವುದು ಹೇಗೆ ಎಂದು ಕೇಳುತ್ತಾ ಕೂತ. ಯಾವಾಗ ನೀರು ಹಾಕಬೇಕು ಎಂಬ ಮುಖ್ಯ ಮಾತು ಅವನ ಕಣ್ಣಿಗೆ ಬೀಳಲೇ ಇಲ್ಲ. ಅರ್ಥ ವಿವರಿಸುವ ಮುಂಚೆ ಆ ಪದ ಇಲ್ಲಿ ಬೇಕಾ ಎಂದು ಕೇಳದೆ ಹೋದರೆ ಹೀಗಾಗುತ್ತದೆ.

ಮೂರನೆಯದರಲ್ಲಿ ಮೊದಲು ಕತ್ತರಿ ಹಿಡಿದೆ, ಆಮೇಲೆ ಅರ್ಥ ಬರೆದೆ. ಈ ಕ್ರಮ ಮುಖ್ಯ. ಪ್ರತಿ ವಾಕ್ಯಕ್ಕೂ ಒಂದೇ ಪರೀಕ್ಷೆ: ಇದು ಇಲ್ಲದಿದ್ದರೆ ಓದುವವರ ಕೈ ಮಾಡುವ ಕೆಲಸ ಬದಲಾಗುತ್ತದಾ? ಆಂಟಿಮನಿ ಹೋದರೆ ಏನೂ ಬದಲಾಗದು, ತೆಗೆದೆ. ಗ್ರಾವಿಟಿ ನೋಡಲು ಹೈಡ್ರೋಮೀಟರ್ ಬೇಕು, ಮನೆಯಲ್ಲಿ ಅದು ಇರುವುದಿಲ್ಲ, ಅದನ್ನೂ ತೆಗೆದೆ. "ಪೂರ್ಣ ಚಾರ್ಜ್ ನಂತರ" ಎನ್ನುವುದು ಮಾತ್ರ ನೋಡಲು ಸಣ್ಣ ವಿವರ, ಆದರೆ ತೆಗೆಯುವ ಹಾಗಿಲ್ಲ. ಚಾರ್ಜ್ ಆಗುತ್ತಾ ಒಳಗಿನ ದ್ರವದ ಮಟ್ಟ ಮೇಲೇರುತ್ತದೆ. ಮೊದಲೇ ಅಂಚಿನವರೆಗೆ ತುಂಬಿಸಿದರೆ ಆಮೇಲೆ ಆಸಿಡ್ ಮಿಶ್ರಿತ ನೀರು ಹೊರಗೆ ಚೆಲ್ಲಿ ಟರ್ಮಿನಲ್ ತಿನ್ನುತ್ತದೆ, ನೆಲದಲ್ಲಿ ಕಲೆ ಮಾಡುತ್ತದೆ. ಹಾಗೆಯೇ ಅದರ ಜೊತೆಗಿನ ವಿನಾಯಿತಿಯೂ ಬೇಕು: ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಹಾಗೇ ಚಾರ್ಜ್ ಮಾಡಬಾರದು.

ಉಳಿದ ಪದಗಳಲ್ಲಿ ಯಾವುದನ್ನು ಇಟ್ಟುಕೊಂಡು ಅರ್ಥ ಹೇಳಬೇಕು? ಓದುವವರು ಅಂಗಡಿಯಲ್ಲಿ ಕೇಳಬೇಕಾದದ್ದು, ಬ್ಯಾಟರಿ ಮೇಲೆ ಕಣ್ಣಿಗೆ ಬೀಳುವುದು. ಹಾಗಾಗಿ ಡಿಸ್ಟಿಲ್ಡ್ ವಾಟರ್ ಮತ್ತು ಫ್ಲೋಟ್ ಉಳಿದವು. ಡಿಮಿನರಲೈಸ್ಡ್ ನೀರು ತಯಾರಾಗುವ ವಿಧಾನ ಬೇರೆ, ಆದರೆ ಈ ಕೆಲಸಕ್ಕೆ ಎರಡೂ ನಡೆಯುತ್ತವೆ, ಅಂಗಡಿಯಲ್ಲಿ ಜನ ಕೇಳುವುದು ಡಿಸ್ಟಿಲ್ಡ್ ವಾಟರ್ ಅಂತಲೇ. ಎಲೆಕ್ಟ್ರೊಲೈಟ್ ಅನ್ನು ಬಿಟ್ಟು "ಬ್ಯಾಟರಿ ದ್ರವ" ಎಂದು ಒಂದೇ ಹೆಸರು ಇಟ್ಟೆ. ಮೂಲದಲ್ಲಿ ಇಲ್ಲದ ಕೆಲವು ಎಚ್ಚರಿಕೆಗಳನ್ನೂ ಸೇರಿಸಿದೆ. ಕೊನೆಗೆ ಬಂದ ರೂಪ ಇದು:

> ಬ್ಯಾಟರಿಯ ಪ್ರತಿ ಮುಚ್ಚಳದಲ್ಲೂ ಫ್ಲೋಟ್ ಇದೆ. ಫ್ಲೋಟ್ ಎಂದರೆ ಒಳಗಿನ ಮಟ್ಟ ತೋರಿಸುವ ಚಿಕ್ಕ ಕಡ್ಡಿ. ಅದು ಕೆಳಗಿನ ಗುರುತಿಗೆ ಇಳಿದರೆ ನೀರು ಹಾಕಬೇಕು. ಬ್ಯಾಟರಿ ದ್ರವ ಎಂದರೆ ನೀರು ಬೆರೆಸಿದ ಆಸಿಡ್. ಅದರಲ್ಲಿ ಕಡಿಮೆಯಾಗುವುದು ನೀರು ಮಾತ್ರ. ಆದ್ದರಿಂದ ಆಸಿಡ್ ಹಾಕಬೇಡಿ. ಡಿಸ್ಟಿಲ್ಡ್ ವಾಟರ್ ಹಾಕಿ. ಇದು ಲವಣ ತೆಗೆದ ನೀರು. ನಲ್ಲಿ ನೀರಿನ ಲವಣ ಪ್ಲೇಟನ್ನು ಕೆಡಿಸುತ್ತದೆ. ಮೊದಲು ಪೂರ್ತಿ ಚಾರ್ಜ್ ಮಾಡಿ, ಇನ್ವರ್ಟರ್ ಆಫ್ ಮಾಡಿ, ಆಮೇಲೆ ಮೇಲಿನ ಗುರುತಿಗೆ ಫ್ಲೋಟ್ ಬರುವವರೆಗೆ ಹಾಕಿ. ಒಳಗೆ ಇಣುಕಿದಾಗ ಪ್ಲೇಟ್ ಬ್ಯಾಟರಿ ದ್ರವದಿಂದ ಹೊರಗೆ ಕಂಡರೆ, ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಚಾರ್ಜ್ ಮಾಡಿ, ನಂತರ ಉಳಿದದ್ದು ಹಾಕಿ. ಹತ್ತಿರ ದೀಪ, ಬೀಡಿ ಬೇಡ. ಬ್ಯಾಟರಿಯಿಂದ ಬರುವ ಗಾಳಿಗೆ ಬೆಂಕಿ ಹತ್ತುತ್ತದೆ.

ಪಕ್ಕದ ಮನೆಯವರ ಮೇಲೆ ಮೊದಲ ಎರಡು ಪ್ರತಿಗಳ ಪ್ರಭಾವ ಇರಬಹುದಲ್ವಾ? ಅದಕ್ಕೆ ಇದನ್ನು ಏನೂ ಓದಿರದ ಬೇರೊಬ್ಬರಿಗೆ ಕೊಟ್ಟೆ. ಅವರು ತಡಮಾಡದೆ ಫ್ಲೋಟ್ ತೋರಿಸಿದರು, ಏನು ತರಬೇಕು ಎಂದೂ ಸರಿಯಾಗಿ ಹೇಳಿದರು. ಪ್ಲೇಟ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಮತ್ತೆ ಓದಿದರು. ಆ ವಾಕ್ಯ ಇನ್ನೂ ಉದ್ದವೇ ಇದೆ. ಅಲ್ಲೊಂದು ಚಿತ್ರ ಇದ್ದರೆ ಒಳ್ಳೆಯದು.

ಮನೆಯವರಿಗಾದರೆ ನಾನು ಮೂರನೆಯದನ್ನೇ ಆರಿಸುತ್ತೇನೆ. ಅದಕ್ಕೂ ಒಂದು ಮಿತಿ ಇದೆ. ಅದರಲ್ಲಿ ಪದಕ್ಕೆ ಒಮ್ಮೆ ಮಾತ್ರ ಅರ್ಥ ಹೇಳಿದ್ದೇನೆ, ಅದು ಒಂದೇ ಹಾಳೆಯೊಳಗೆ ನಡೆಯುತ್ತದೆ. ದಪ್ಪ ಪುಸ್ತಕದಲ್ಲಿ ಮೂರನೇ ಪುಟದಲ್ಲಿ ಹೇಳಿದ್ದನ್ನು ಮೂವತ್ತನೇ ಪುಟ ತೆರೆದವರು ನೋಡಿರುವುದಿಲ್ಲ. ಅಂಥ ಕಡೆ ಪ್ರತಿ ಅಧ್ಯಾಯದಲ್ಲೂ ಮೊದಲ ಸಲ ಬಂದಾಗ ಮತ್ತೆ ಹೇಳುತ್ತೇನೆ. ಕತ್ತರಿಸಿದ್ದನ್ನು ಎಸೆಯುವುದೂ ಇಲ್ಲ. ಗ್ರಾವಿಟಿಯ ಅಂಕಿ, ಉಷ್ಣಾಂಶದ ಮಾತು ಹಾಳೆಯ ಹಿಂಬದಿಗೆ ಹೋಗಿವೆ, "ಮೆಕ್ಯಾನಿಕ್‌ಗೆ" ಎಂಬ ತಲೆಬರಹದ ಕೆಳಗೆ.