ಎರಡು ವ್ಯಾಟ್‌ಮೀಟರ್ ಸಾಕೇ, ಮೂರು ಬೇಕೇ?

ತ್ರೀ ಫೇಸ್ ಲೋಡಿನ ಪವರ್ ಅಳೆಯುವಾಗ ಈ ಆಯ್ಕೆಯನ್ನು ನಿರ್ಧರಿಸುವುದು ನ್ಯೂಟ್ರಲ್ ತಂತಿ. ನ್ಯೂಟ್ರಲ್ ಇಲ್ಲದ ಮೂರು ತಂತಿಯ ಲೋಡಿಗೆ, ಅದು ಅಸಮತೋಲನದಲ್ಲಿದ್ದರೂ, ಎರಡು ಮೀಟರ್ ಸಾಕು. ನ್ಯೂಟ್ರಲ್‌ನಲ್ಲೂ ಕರೆಂಟ್ ಹರಿಯುವ ಕಡೆ ಮೂರು ಹಾಕಿ; ಎರಡರ ಮೊತ್ತ ಅಲ್ಲಿ ತಪ್ಪುತ್ತದೆ.

ಮೋಟರಿಗೆ ಎರಡೇ ನನ್ನ ಆಯ್ಕೆ. ಕರೆಂಟ್ ಕಾಯಿಲ್‌ಗಳು ಆರ್ ಮತ್ತು ಬಿ ಲೈನ್‌ಗಳಲ್ಲಿ, ಪ್ರೆಶರ್ ಕಾಯಿಲ್‌ಗಳ ಇನ್ನೊಂದು ತುದಿ ವೈಗೆ. ಲೋಡ್ ಸಮತೋಲನದಲ್ಲಿದ್ದರೆ ಪವರ್ ಫ್ಯಾಕ್ಟರ್ ಕೂಡ ಸಿಗುತ್ತದೆ. ಮೂರು ಮೀಟರ್ ಹಾಕಿದರೆ ಅದಕ್ಕೆ ವೋಲ್ಟ್, ಆಂಪಿಯರ್ ಬೇರೆ ಅಳೆಯಬೇಕು.

ಪವರ್ ಫ್ಯಾಕ್ಟರ್ ಯೂನಿಟಿ ಇದ್ದಾಗ ಎರಡೂ ರೀಡಿಂಗ್ ಸಮ. ಲ್ಯಾಗಿಂಗ್ ಹೆಚ್ಚಿದಂತೆ ಒಂದು ಕುಗ್ಗಿ, 0.5ಕ್ಕೆ ಸೊನ್ನೆಯಾಗಿ, ಅದಕ್ಕೂ ಕೆಳಗೆ ಮುಳ್ಳು ಹಿಂದಕ್ಕೆ ಒದೆಯುತ್ತದೆ. ಆರ್-ವೈ-ಬಿ ಕ್ರಮದಲ್ಲಿ ಹೀಗಾಗುವುದು ಆರ್ ಮೀಟರ್. ಆಗ ಸಪ್ಲೈ ಆಫ್ ಮಾಡಿ, ಅದರ ಪ್ರೆಶರ್ ಕಾಯಿಲ್ ತುದಿಗಳನ್ನಷ್ಟೇ ಅದಲುಬದಲು ಮಾಡಿ, ರೀಡಿಂಗ್‌ಗೆ ಮೈನಸ್ ಹಾಕಿ.

415 ವೋಲ್ಟ್ ಮೋಟರ್ ಖಾಲಿ ಓಡುವಾಗ 4 ಆಂಪಿಯರ್ ಎಳೆದು, ಬಿ ಮೀಟರ್ 1100, ಆರ್ ಮೀಟರ್ ತಿರುಗಿಸಿದ ಮೇಲೆ 525 ತೋರಿಸಿತೆನ್ನಿ. ಒಟ್ಟು 575 ವ್ಯಾಟ್. ಮೈನಸ್ ಮರೆತರೆ 1625, ಸುಮಾರು ಮೂರು ಪಟ್ಟು! ಪವರ್ ಫ್ಯಾಕ್ಟರ್ ಅಂದರೆ cos φ; W1 ಬಿ ಮೀಟರಿನ ರೀಡಿಂಗ್, W2 ಮೈನಸ್ ಹಾಕಿದ ಆರ್ ರೀಡಿಂಗ್:

```
tan φ = √3 (W1 − W2) / (W1 + W2)
      = 1.732 × 1625 / 575 ≈ 4.9
cos φ ≈ 0.2
```

ಮೈನಸ್ ನಿಜವೋ, ವೈರಿಂಗ್ ತಪ್ಪೋ? ಶಾಫ್ಟ್‌ಗೆ ನಿಧಾನವಾಗಿ ಲೋಡ್ ಕೊಡಿ. ನಿಜವಾಗಿದ್ದರೆ 525 ಇಳಿಯುತ್ತಾ ಸೊನ್ನೆ ಮುಟ್ಟುತ್ತದೆ. ಬದಲಿಗೆ ಏರುತ್ತಲೇ ಹೋದರೆ ಆ ಮೀಟರಿನ ಮೂಲ ವೈರಿಂಗೇ ಉಲ್ಟಾ.