ಬಳ್ಳಾರಿಯವರೇ, ಹಳೆಯ ಹೆಡ್‌ಫೋನ್‌ನ ‘ಡ್ರೈವರ್ ಸುಟ್ಟಿದೆ’ ಎಂದರೆ ನಂಬಬೇಡಿ

ಹೆಡ್‌ಫೋನ್ ರಿಪೇರಿಗೆ ಕೊಡುವವರು ದಯವಿಟ್ಟು ಓದಿ. ಬಳ್ಳಾರಿಯ ಪೇಟೆಯ ಒಂದು ಅಂಗಡಿಯಲ್ಲಿ ನನ್ನಿಂದ 1,800 ರೂಪಾಯಿ ಕಿತ್ತುಕೊಂಡಿದ್ದಾರೆ, ಚೆನ್ನಾಗಿದ್ದ ಎರಡು ಡ್ರೈವರ್‌ಗಳನ್ನೂ, ಅಂದರೆ ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್‌ಗಳನ್ನೂ, ಕಿತ್ತಿದ್ದಾರೆ. ಕಿತ್ತಿದ್ದಕ್ಕಿಂತ ನಾಲ್ಕು ಜನ ಗಿರಾಕಿಗಳ ಎದುರು ನನ್ನನ್ನು ಏನೂ ತಿಳಿಯದವನಂತೆ ನಡೆಸಿಕೊಂಡದ್ದು ಹೆಚ್ಚು ಉರಿಯುತ್ತಿದೆ.

ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಅದು, ತಂತಿಯದು, ಹಳೆಯದು. ಬಯಲಾಟದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿ, ಗರಗರ ಸದ್ದು ತೆಗೆಯುವ ಕೆಲಸಕ್ಕೆ ಬಳಸುತ್ತೇನೆ. ಕೆಲವು ತಿಂಗಳುಗಳಿಂದ ಅದರ ಧ್ವನಿ ಇಳಿಯುತ್ತಾ ಬಂದಿತ್ತು. ವಾಲ್ಯೂಮ್ ಪೂರ್ತಿ ಏರಿಸಿದರೂ ಮಾತು ಕಂಬಳಿಯ ಆಚೆಯಿಂದ ಬಂದಂತೆ ಕೇಳುತ್ತಿತ್ತು, ಎಡಗಡೆ ಇನ್ನೂ ಮಂದ. ಗರಗರ ಇಲ್ಲ, ಸದ್ದು ಕಡಿದು ಕಡಿದು ಬರುವುದಿಲ್ಲ, ತಂತಿ ಅಲುಗಾಡಿಸಿದರೆ ಹೆಚ್ಚು ಕಡಿಮೆ ಆಗುವುದಿಲ್ಲ. ಇಷ್ಟನ್ನೂ ಅಂಗಡಿಯವನಿಗೆ ಬಿಡಿಸಿ ಹೇಳಿದೆ. ಅವನು ಕೇಳಿಸಿಕೊಳ್ಳಲೇ ಇಲ್ಲ. ಕಿವಿಗೆ ಹಾಕಿಕೊಂಡು, ಅರ್ಧ ನಿಮಿಷ ತಲೆಯಾಡಿಸಿ, “ಡ್ರೈವರ್ ಸುಟ್ಟಿದೆ ಸರ್. ಕಾಯಿಲ್ ಅರ್ಧ ಹೋಗಿದೆ. ಎರಡೂ ಹಾಕಬೇಕು” ಎಂದ. ಮೀಟರ್ ಹಚ್ಚಲಿಲ್ಲ. ಬಿಚ್ಚಿ ನೋಡಲಿಲ್ಲ. ಬಿಚ್ಚದೆಯೇ ಕಾಯಿಲ್ ಅರ್ಧ ಹೋಗಿದ್ದು ಕಂಡಿತಂತೆ! “ಮೊದಲು ಬಿಚ್ಚಿ ನೋಡಿ” ಎಂದದ್ದಕ್ಕೆ ಪಕ್ಕದ ಗಿರಾಕಿಗಳ ಕಡೆ ತಿರುಗಿ ನಕ್ಕು, “ದಿನಾ ಇದೇ ಕೆಲಸ ಸರ್ ನಮ್ಮದು” ಎಂದ.

ಸಂಜೆ ಹೋದಾಗ ಸಿನಿಮಾ ಹಾಡೊಂದನ್ನು ಜೋರಾಗಿ ಹಚ್ಚಿ ನನ್ನ ಕಿವಿಗೆ ಇಟ್ಟ. ನಿಜಕ್ಕೂ ಜೋರಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಹಣ ಕೊಟ್ಟು ಬಂದೆ. ಮೋಸ ನಡೆದದ್ದು ಈ ಜೋರಿನಲ್ಲೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಮನೆಗೆ ಬಂದು ನನ್ನ ಕ್ಯಾಸೆಟ್ ಹಚ್ಚಿದರೆ ಮದ್ದಳೆಯ ಗುಮ್ಮೆನ್ನುವ ನಾದವೇ ಇಲ್ಲ, ‘ಸ’ಕಾರ ಬಂದಲ್ಲೆಲ್ಲ ಕಿವಿಗೆ ಚುಚ್ಚುತ್ತದೆ. ಇದು ನನ್ನ ಹೆಡ್‌ಫೋನ್ ಅಲ್ಲವೇ ಅಲ್ಲ ಎನಿಸಿತು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನನ್ನ ಅಕ್ಕನ ಮಗ ರಜೆಗೆ ಬಂದಿದ್ದ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಒಂದು ಕಡ್ಡಿಯನ್ನು ಪಿನ್ನಿನ ತುದಿಗೆ, ಇನ್ನೊಂದನ್ನು ಬುಡದ ಉಂಗುರಕ್ಕೆ ಹಿಡಿದ. ಅದು ಎಡಗಡೆಯದು. ನಡುವಿನ ಉಂಗುರ ಮತ್ತು ಬುಡ ಸೇರಿದರೆ ಬಲಗಡೆಯದು. ಎರಡೂ 31ರ ಆಸುಪಾಸು ತೋರಿಸಿದವು. ಹೆಡ್‌ಫೋನ್‌ನ ಡಬ್ಬಿ ನನ್ನ ಬಳಿ ಇನ್ನೂ ಇದೆ, ಅದರ ಮೇಲೆ 63 ಓಮ್ ಎಂದು ಅಚ್ಚಾಗಿದೆ. ಮೀಟರಿನಲ್ಲಿ ಬರುವ ಅಂಕಿ ಡಬ್ಬಿಯ ಅಂಕಿಗೆ ಹತ್ತಿರವಿರಬೇಕು, ಸ್ವಲ್ಪ ಕಡಿಮೆ ಇದ್ದರೂ ಸರಿ. ಅರ್ಧಕ್ಕೆ ಇಳಿದಿದೆ ಎಂದರೆ ಒಳಗಿರುವುದು ಬೇರೆ ಮಾಲು, ಅಗ್ಗದ್ದು.

“ಓಮ್ ಕಡಿಮೆಯಾದರೆ ಅದೇ ಮೊಬೈಲಿನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ ಮಾವ, ಅದಕ್ಕೇ ಅಂಗಡಿಯಲ್ಲಿ ಜೋರಾಗಿ ಕೇಳಿಸಿದ್ದು” ಎಂದ ಅವನು. ಜೋರಾದದ್ದನ್ನು ರಿಪೇರಿ ಎಂದು ತೋರಿಸಿ ಕೈ ತೊಳೆದುಕೊಂಡಿದ್ದರು.

ಹಳೆಯ ಡ್ರೈವರ್ ಕೇಳಲು ಹೋದೆ. “ಕಸಕ್ಕೆ ಹಾಕಿಬಿಟ್ಟೆವು ಸರ್” ಎಂದ. ನಾನು ಜಾಗ ಬಿಟ್ಟು ಕದಲಲಿಲ್ಲ. ದನಿ ಏರಿಸಿದ ಮೇಲೆ ಕೆಲಸದ ಹುಡುಗ ಮೇಜಿನ ಖಾನೆಯಿಂದ ಕವರೊಂದನ್ನು ತೆಗೆದು ಕೊಟ್ಟ. ಕಸ ಖಾನೆಯಲ್ಲಿತ್ತು! ಜೋಪಾನವಾಗಿ ಏಕೆ ತೆಗೆದಿಟ್ಟಿದ್ದರು ಎಂಬುದನ್ನು ನೀವೇ ಊಹಿಸಿ. ಆ ಕವರಿನಲ್ಲಿ ಡ್ರೈವರ್‌ಗಳ ಜೊತೆಗೆ ಅವುಗಳ ಮುಂದೆ ಇರುವ ತೆಳುವಾದ ಬಟ್ಟೆಯ ಎರಡು ಬಿಲ್ಲೆಗಳೂ ಇದ್ದವು.

ಮನೆಯಲ್ಲಿ ಅಳೆದೆವು. ಎಡದ್ದು 60, ಬಲದ್ದು 61. ಕಾಯಿಲ್ ಎಂದರೆ ಕೂದಲಿನಷ್ಟು ತೆಳುವಾದ ಒಂದೇ ತಂತಿಯ ಸುರುಳಿ. ಅದು ಸುಟ್ಟು ತುಂಡಾದರೆ ಸದ್ದು ಕಡಿಮೆಯಾಗುವುದಿಲ್ಲ, ನಿಂತೇ ಹೋಗುತ್ತದೆ, ಮೀಟರ್ ಏನನ್ನೂ ತೋರಿಸುವುದಿಲ್ಲ. ಸುರುಳಿಗಳು ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದರೆ ಅಂಕಿ ಕೆಳಗೆ ಇಳಿದಿರಬೇಕಿತ್ತು. ಎರಡೂ ಇಲ್ಲ. ಅರ್ಧ ಸುಟ್ಟ ಕಾಯಿಲ್ ಎಂಬುದು ಶುದ್ಧ ಕಟ್ಟುಕಥೆ.

ಹಾಗಾದರೆ ಧ್ವನಿ ಏಕೆ ಸತ್ತಿತ್ತು? ಬಟ್ಟೆಯ ಬಿಲ್ಲೆ ನೋಡಿ ನನಗೇ ಹೇಸಿಗೆಯಾಯಿತು. ತಲೆಯ ಕೊಬ್ಬರಿ ಎಣ್ಣೆ, ಬೆವರು, ನಮ್ಮ ಊರಿನ ಕೆಂಪು ಧೂಳು, ಕಿವಿಯ ಮೆತ್ತೆಯೊಳಗಿನ ಸ್ಪಂಜು ಹಳೆಯದಾಗಿ ಉದುರಿದ ಕಪ್ಪು ಪುಡಿ, ಎಲ್ಲ ಸೇರಿ ಅಂಟಿನಂತಾಗಿ ಬಟ್ಟೆಯ ರಂಧ್ರಗಳನ್ನು ಮುಚ್ಚಿತ್ತು. ಬೆಳಕಿಗೆ ಹಿಡಿದರೆ ಎಡಗಡೆಯದರಲ್ಲಿ ಬೆಳಕೇ ತೂರುತ್ತಿರಲಿಲ್ಲ. ಮೆತ್ತೆಯೂ ಚಪ್ಪಟೆಯಾಗಿ ಕಿವಿಯ ಸುತ್ತ ಸಂದಿ ಬಿಟ್ಟಿತ್ತು, ಅಲ್ಲಿಂದ ತಗ್ಗು ಸ್ವರಗಳು ಸೋರಿ ಹೋಗುತ್ತಿದ್ದವು. ಅಂದರೆ ಡ್ರೈವರ್ ಹಾಕುವಾಗ ಆ ಬಟ್ಟೆ ಕಿತ್ತ ಕ್ಷಣದಲ್ಲೇ ಅರ್ಧ ರೋಗ ವಾಸಿಯಾಗಿತ್ತು. ಅದು ಅವರ ಕಣ್ಣೆದುರಿಗೇ ಇತ್ತು. ಗೊತ್ತಿದ್ದೂ ನನ್ನ ಡ್ರೈವರ್ ಬಿಚ್ಚಿದರು. ಗೊತ್ತಿದ್ದೂ!

ಅಕ್ಕನ ಮಗ ಹಳೆಯ ಡ್ರೈವರ್‌ಗಳನ್ನೇ ಮತ್ತೆ ಬೆಸುಗೆ ಹಾಕಿದ. ಬಿಲ್ಲೆಗಳನ್ನು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೊಳೆದು, ಪೂರ್ತಿ ಒಣಗಿಸಿ ಕೂರಿಸಿದ. ಡ್ರೈವರಿಗೆ ನೀರು, ಸ್ಪಿರಿಟ್ ಏನನ್ನೂ ತಾಗಿಸಲಿಲ್ಲ. ಮುಖ ಕೆಳಗೆ ಮಾಡಿ ಹಿಡಿದು ಒಣ ಬ್ರಷ್‌ನಿಂದ ಮೆಲ್ಲಗೆ ಉದುರಿಸಿದ, ಪುಡಿ ಒಳಗೆ ಬೀಳಬಾರದೆಂದು. ಗಾಳಿ ಊದುವ ಯಂತ್ರ ಹಚ್ಚಿದರೆ ಒಳಗಿನ ತೆಳು ಪೊರೆ ತಗ್ಗು ಬೀಳುತ್ತದಂತೆ. ಹೊಸ ಮೆತ್ತೆಗೆ 450 ರೂಪಾಯಿ. ಈಗ ಮದ್ದಳೆ ಮೊದಲಿನಂತೆ ಕೇಳುತ್ತಿದೆ.

ಅಂಗಡಿಗೆ ಹೋಗುವ ಮೊದಲು ಎರಡು ನೋಟ ನೋಡಿಕೊಳ್ಳಿ. ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ: ಮಂದ ಧ್ವನಿ ಅದೇ ಕಿವಿಯಲ್ಲೇ ಉಳಿದರೆ ತೊಂದರೆ ಕಿವಿಯ ಗುಗ್ಗೆಯದಿರಬಹುದು, ಹೆಡ್‌ಫೋನಿನದಲ್ಲ. ಆಮೇಲೆ ಅಂಗೈಯಿಂದ ಎರಡೂ ಬಟ್ಟಲುಗಳನ್ನು ಕಿವಿಗೆ ಒತ್ತಿ: ಧ್ವನಿ ತುಂಬಿ ಬಂದರೆ ದೋಷ ಮೆತ್ತೆಯದು. ತಂತಿಯ ದೋಷವಾದರೆ ಪಿನ್ನಿನ ಬುಡ ಅಲುಗಾಡಿಸಿದಾಗ ಸದ್ದು ಹೋಗಿ ಬರುತ್ತದೆ, ನನ್ನದರಂತೆ ನಿಧಾನವಾಗಿ ಇಳಿಯುವುದಿಲ್ಲ. ಕೊಡುವುದೇ ಆದರೆ ಅವರ ಎದುರಿಗೇ ಓಮ್ ಅಳೆಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಎದ್ದು ಬನ್ನಿ.

ಹಣ ವಾಪಸ್ ಕೇಳಿದಾಗ ಸಿಕ್ಕ ಉತ್ತರ: “ಸೌಂಡ್ ಬಂದಿತ್ತಲ್ಲ ಸರ್, ನೀವೇ ಕೇಳಿ ಒಪ್ಪಿದ್ದಿರಿ.” ಅವರ ಅಗ್ಗದ ಡ್ರೈವರ್‌ಗಳನ್ನು ಮೇಜಿನ ಮೇಲಿಟ್ಟು ಇವನ್ನಾದರೂ ತೆಗೆದುಕೊಂಡು ಅವುಗಳ ಹಣ ಕೊಡಿ ಎಂದೆ. “ಬಳಸಿದ ಮಾಲು ನಾವು ತೆಗೆದುಕೊಳ್ಳುವುದಿಲ್ಲ” ಎಂದ. ನನ್ನ ಬಳಸಿದ ಮಾಲನ್ನು ಖಾನೆಯಲ್ಲಿ ಬಚ್ಚಿಟ್ಟುಕೊಂಡಿದ್ದವನೇ ಹೇಳಿದ ಮಾತಿದು. ಬಿಲ್ಲಿನಲ್ಲಿ ‘ಹೆಡ್‌ಫೋನ್ ಸರ್ವಿಸ್’ ಎಂದಷ್ಟೇ ಇದೆ, ಡ್ರೈವರಿನ ಹೆಸರೇ ಇಲ್ಲ. ಅದನ್ನೇ ಹಿಡಿದು ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಇದೇ ಅಂಗಡಿಯಲ್ಲಿ ಹೀಗೇ ಡ್ರೈವರ್ ಬದಲಾಯಿಸಿಕೊಂಡವರು ಯಾರಾದರೂ ಇದ್ದರೆ ಬಿಲ್ಲು ಎಸೆಯಬೇಡಿ, ನನಗೆ ತಿಳಿಸಿ.