ಗೆಳೆಯನಿಗೆ ಹದಿನೆಂಟು ತುಂಬಿದಾಗ: ನಾನು ಕಳಿಸಿ ನೋಡಿದ ಮೂರು ಬಗೆಯ ಶುಭಾಶಯಗಳು

ಧಾರವಾಡದಲ್ಲಿ ನನ್ನೊಂದಿಗೆ ಓದುವ ಮೂವರು ಗೆಳೆಯರಿಗೆ ಒಂದೇ ವರ್ಷದೊಳಗೆ 18 ತುಂಬಿತು. ಮೂವರಿಗೂ ನಾನು ಮೂರು ಬಗೆಯ ಶುಭಾಶಯಗಳನ್ನು ಬರೆದೆ. ಪ್ರಾಯಕ್ಕೆ ಬಂದದ್ದನ್ನು ಗುರುತಿಸಬೇಕು, ಆದರೆ ಹಿರಿಯರ ಉಪದೇಶದಂತೆ ಕೇಳಿಸಬಾರದು ಎಂಬುದು ಮೂರರಲ್ಲಿಯೂ ನನ್ನ ಉದ್ದೇಶವಾಗಿತ್ತು.

ಮೊದಲನೆಯದು ಹುಬ್ಬಳ್ಳಿಯ ಗೆಳೆಯನಿಗೆ. "ಇನ್ನಾದರೂ ಜವಾಬ್ದಾರಿ ಅರಿತು ನಡೆ, ತಂದೆ ತಾಯಿಯ ಹೆಸರು ಉಳಿಸು" ಎಂದು ಪ್ರೀತಿಯಿಂದಲೇ ಬರೆದಿದ್ದೆ. ಕೈ ಮುಗಿಯುವ ಒಂದು ಚಿತ್ರ ಉತ್ತರವಾಗಿ ಬಂತು, ಅಷ್ಟೇ. ಮರಳಿ ಓದಿದಾಗ ತಪ್ಪು "ಇನ್ನಾದರೂ" ಎಂಬ ಒಂದು ಪದದಲ್ಲಿಯೇ ಇತ್ತು, ಏಕೆಂದರೆ ಇಲ್ಲಿಯವರೆಗೆ ಅವನಿಗೆ ಜವಾಬ್ದಾರಿ ಇರಲಿಲ್ಲ ಎಂಬ ಮಾತು ಅದರೊಳಗೆ ತಾನಾಗಿಯೇ ಬಂದು ಕುಳಿತಿತ್ತು.

ಎರಡನೆಯ ಗೆಳೆಯನಿಗೆ ಉಪದೇಶವನ್ನು ಪೂರ್ತಿ ಬಿಟ್ಟು, 18ಕ್ಕೆ ದೊರೆಯುವ ಹಕ್ಕುಗಳನ್ನು ಬರೆದೆ: ಮತದಾರರ ಪಟ್ಟಿಯಲ್ಲಿ ಹೆಸರು, ಗೇರ್ ಇರುವ ಬೈಕಿನ ಲೈಸೆನ್ಸ್, ಪೋಷಕರು ನಡೆಸುತ್ತಿದ್ದ ಬ್ಯಾಂಕ್ ಖಾತೆಗೆ ಸ್ವಂತ ಸಹಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ ಎಂಬುದನ್ನೂ ಸೇರಿಸಿದೆ. ಅವನು ಕೂಡಲೇ ಉತ್ತರಿಸಿದ, ಆದರೆ ಉತ್ತರವೆಲ್ಲ ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರ ಬಗ್ಗೆಯೇ ಇತ್ತು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು ಎಂದು ಹೇಳಿದೆ. ಮಾಹಿತಿ ಉಪಯೋಗಕ್ಕೆ ಬಂದದ್ದು ನಿಜ, ಆದರೆ ಅದೇ ಒಕ್ಕಣೆಯನ್ನು ಹೆಸರು ಬದಲಿಸಿ ಯಾರಿಗೆ ಕಳಿಸಿದರೂ ನಡೆಯುತ್ತಿತ್ತು. ಅಂಥದ್ದನ್ನು ಮರುದಿನ ಬೇರೆಯಾಗಿ ಕಳಿಸುವುದು ಒಳ್ಳೆಯದು.

ಮೂರನೆಯವನು ಹಾವೇರಿ ಜಿಲ್ಲೆಯವನು, ಮೆಣಸಿನಕಾಯಿ ಬೆಳೆಯುವ ಮನೆಯವನು. ಕಳೆದ ಜನವರಿಯಲ್ಲಿ ಅವನ ತಂದೆ ಕಾಲು ಮುರಿದುಕೊಂಡು ಮಲಗಿದ್ದಾಗ, ಮಾಲನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಕೆಲಸ ಅವನ ಮೇಲೆ ಬಂತು, ಜೊತೆಗೆ ನಾನೂ ಹೋಗಿದ್ದೆ. ಮೆಣಸಿನಕಾಯಿಯ ಘಾಟಿಗೆ ಕಣ್ಣು ಒರೆಸಿಕೊಳ್ಳುತ್ತ ಅವನು ತೂಕ ಮುಗಿಯುವವರೆಗೆ ಕದಲಲಿಲ್ಲ. ದಲಾಲಿ ಅಂಗಡಿಯಲ್ಲಿ ಲೆಕ್ಕದ ಪಟ್ಟಿಯನ್ನು ಪಡೆದು, ಸಾಲು ಸಾಲಾಗಿ ಬೆರಳಿಟ್ಟು ಓದಿ, ನಾಲ್ಕು ಮಡಿಕೆ ಮಾಡಿ ಒಳಕಿಸೆಯಲ್ಲಿ ಇಟ್ಟುಕೊಂಡ ಮೇಲೆಯೇ ಚಹಾ ಕುಡಿಯಲು ಒಪ್ಪಿದ. ಹುಟ್ಟುಹಬ್ಬದ ಸಂದೇಶ ಬರೆಯಲು ಕುಳಿತಾಗ ನನಗೆ ನೆನಪಾದದ್ದು ಆ ಮಡಿಕೆ.

ಮೊದಲ ಕರಡಿನಲ್ಲಿ "ಅಪ್ಪನ ಕಾಲ ಮುರದಾಗ" ಎಂದು ಆರಂಭಿಸಿದ್ದೆ. ಹುಟ್ಟುಹಬ್ಬದ ಮುಂಜಾನೆ ಆ ಕಷ್ಟದ ದಿನಗಳು ಮೊದಲು ಕಣ್ಣಿಗೆ ಬೀಳುವುದು ಬೇಡವೆನಿಸಿ ಅದನ್ನು ತೆಗೆದೆ. ಕೊನೆಯಲ್ಲಿದ್ದ "ಹಿಂಗ ಇರು" ಎಂಬುದನ್ನೂ ಅಳಿಸಿದೆ, ಏಕೆಂದರೆ ಮೆಚ್ಚುಗೆಯ ಬಾಲಕ್ಕೆ ಅಂಟಿದ ಆ ಎರಡು ಪದಗಳೂ ಉಪದೇಶವೇ. ಕಳಿಸಿದ್ದು ಹೀಗಿತ್ತು:

"ದೋಸ್ತ, ಇವತ್ತ ನಿನಗ ಹದಿನೆಂಟ ತುಂಬ್ತು. ಖರೇ ಅಂದ್ರ ನೀ ದೊಡ್ಡಾಂವ ಆಗಿದ್ದು ಜನವರಿ ತಿಂಗಳದಾಗ, ಬ್ಯಾಡಗಿ ಪ್ಯಾಟ್ಯಾಗ. ಹದಿನಾಲ್ಕ ಚೀಲದ ತೂಕ ಮುಗಿಯೂತನಾ ನಿಂತಿ, ಪಟ್ಟಿ ಓದಿ ಕಿಸೆದಾಗ ಇಟ್ಕೊಂಡ ಮ್ಯಾಲ ಚಾ ಕುಡದಿ. ನಾ ಬಾಜೂಕ ನಿಂತ ನೋಡೀನಿ. ಹುಟ್ಟಿದ ಹಬ್ಬದ ಶುಭಾಶಯ. ರವಿವಾರ ಬಾ, ಪೇಢೆ ನಂದು."

ಇದರಲ್ಲಿ ಅವನು ಮುಂದೆ ಏನಾಗಬೇಕು ಎಂಬ ಮಾತಿಲ್ಲ, ಮಾಡಿದ ಕೆಲಸಗಳೆಲ್ಲ ಭೂತಕಾಲದಲ್ಲಿವೆ. "ಬಾ" ಎಂಬ ಒಂದು ವಿಧಿರೂಪವಿದ್ದರೂ ಅದು ಕರೆಯೋಲೆ. ಮೊದಲನೆಯ ಸಂದೇಶಕ್ಕೂ ಇದಕ್ಕೂ ಇರುವ ಅಂತರವೆಲ್ಲ ಕ್ರಿಯಾಪದದ ಕಾಲದಲ್ಲಿದೆ ಎಂದು ನನಗೆ ಅನಿಸುತ್ತದೆ: ಆಗಬೇಕಾದದ್ದನ್ನು ಹೇಳಿದರೆ ಬರೆದವನು ಹಿರಿಯನಾಗುತ್ತಾನೆ, ಆಗಿಹೋದದ್ದನ್ನು ಹೇಳಿದರೆ ಸಾಕ್ಷಿಯಾಗುತ್ತಾನೆ. ರಾತ್ರಿ ಹನ್ನೆರಡಕ್ಕೆ ಗುಂಪಿನಲ್ಲಿ ಬರುವ ಶುಭಾಶಯಗಳ ರಾಶಿಯಲ್ಲಿ ಇದು ಮುಳುಗಿಹೋಗಬಾರದೆಂದು ಮುಂಜಾನೆ ಏಳು ಗಂಟೆಗೆ ಅವನೊಬ್ಬನಿಗೇ ಕಳಿಸಿದೆ. ಅವನು ಉತ್ತರ ಬರೆಯಲಿಲ್ಲ, ಫೋನ್ ಮಾಡಿ "ಪಟ್ಟಿ ಮಡಚಿದ್ದನ್ನೂ ನೋಡಿದ್ದೇನೋ ನೀ?" ಎಂದು ಕೇಳಿದ.

ಈ ಮೂರನೆಯ ಬಗೆಗೆ ಒಂದು ಮಿತಿ ಇದೆ. ಕಣ್ಣಾರೆ ಕಂಡ ಒಂದು ಸಂಗತಿ ಇಲ್ಲದಿದ್ದರೆ ಇದನ್ನು ಬರೆಯಲಾಗದು, ಊಹಿಸಿ ಬರೆದ ಹೊಗಳಿಕೆ ಓದುವವನಿಗೆ ತಕ್ಷಣ ತಿಳಿದುಬಿಡುತ್ತದೆ. ಬರುವ ತಿಂಗಳು 18 ತುಂಬಲಿರುವ ಗದಗಿನ ಗೆಳೆಯನ ಪರಿಚಯ ನನಗೆ ಇನ್ನೂ ಹೊಸದು. ಅವನ ಬ್ಯಾಂಕ್ ಖಾತೆ ಇನ್ನೂ ಅಪ್ರಾಪ್ತರ ಹೆಸರಿನಲ್ಲಿಯೇ ಇದ್ದು, ಅದನ್ನು ಬದಲಿಸಲು ಹೊಸದಾಗಿ ಮಾದರಿ ಸಹಿ ಕೊಡಬೇಕಾಗಿದೆ ಎಂಬುದಷ್ಟೇ ನನಗೆ ಗೊತ್ತು. ಅವನಿಗೆ ಎರಡನೆಯ ಬಗೆಯಿಂದ ಆ ಒಂದೇ ಸಂಗತಿಯನ್ನು ತೆಗೆದುಕೊಂಡು ಹೀಗೆ ಬರೆದಿಟ್ಟಿದ್ದೇನೆ: "ಬ್ಯಾಂಕಿನಾಗ ನಿನ್ನ ಸಹಿ ಕೊಡಾಕ ಹೋಗೂ ದಿನ ಹೇಳು, ನಾನೂ ಬರ್ತೀನಿ."